ಮನೆಯ ಇನ್ವರ್ಟರ್‌ಗೆ ಯಾವ ಬ್ಯಾಟರಿ: ಹಾಸನ, ಚಿಕ್ಕಮಗಳೂರಿನ ಮನೆಗಳಿಗೊಂದು ಲೆಕ್ಕಾಚಾರ

ಮುಂಗಾರಿಗೆ ಮೊದಲು, ಅಂದರೆ ಮೇ ತಿಂಗಳ ಕೊನೆಯಿಂದಲೇ, ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಹಳೆಯ ಬ್ಯಾಟರಿ ಕೈಕೊಟ್ಟಿದೆ, ಅಂಗಡಿಯವರು ಲಿಥಿಯಂ ಹಾಕಿಸಿ ಎನ್ನುತ್ತಿದ್ದಾರೆ, ಪಕ್ಕದ ಮನೆಯವರು ಟ್ಯೂಬುಲರ್ ಸಾಕು ಎನ್ನುತ್ತಿದ್ದಾರೆ, ಯಾವುದನ್ನು ತರಬೇಕು? ಈ ಪ್ರಶ್ನೆಗೆ ಎರಡೂ ಜಿಲ್ಲೆಗಳಿಗೆ ಸಲ್ಲುವ ಒಂದೇ ಉತ್ತರವಿಲ್ಲ. ಹಾಸನ ನಗರದಲ್ಲಿ ವಿದ್ಯುತ್ ಹೋದರೆ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಬರುತ್ತದೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಅಥವಾ ಸಕಲೇಶಪುರದ ಘಟ್ಟದಂಚಿನ ಮನೆಗಳಲ್ಲಿ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ತೋಟದ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದರೆ ಎರಡು ದಿನ ಕತ್ತಲೆಯಲ್ಲಿರುವುದು ಹೊಸತೇನಲ್ಲ. ಹಾಸನದವರು ಚೆಸ್ಕಾಂ ಗ್ರಾಹಕರು, ಚಿಕ್ಕಮಗಳೂರಿನವರು ಮೆಸ್ಕಾಂ ಗ್ರಾಹಕರು. ಆದರೆ ಬ್ಯಾಟರಿಯ ಆಯ್ಕೆಯನ್ನು ನಿರ್ಧರಿಸುವುದು ಕಂಪನಿಯಲ್ಲ, ನಿಮ್ಮ ಮನೆಗೆ ಬರುವ ಲೈನಿನ ಸ್ಥಿತಿ.

ಆದ್ದರಿಂದ ಈ ಲೇಖನದಲ್ಲಿ ಬ್ಯಾಟರಿಯ ಗುಣಗಳನ್ನು ಪಟ್ಟಿ ಮಾಡುವುದಕ್ಕಿಂತ, ನಿಮ್ಮ ಮನೆಯ ಕಡಿತದ ರೀತಿಯನ್ನು ಮೊದಲು ಅಳೆದು, ಅದಕ್ಕೆ ಯಾವ ಬ್ಯಾಟರಿ ಒಗ್ಗುತ್ತದೆ ಎಂದು ನೋಡುವ ಕ್ರಮವನ್ನು ವಿವರಿಸುತ್ತೇನೆ. ಕೈಯಲ್ಲಿ ಒಂದು ನೋಟ್‌ಪುಸ್ತಕ, ಈಗಿರುವ ಇನ್ವರ್ಟರ್‌ನ ಕೈಪಿಡಿ ಮತ್ತು ಸಾಧ್ಯವಾದರೆ ಒಂದು ಅಗ್ಗದ ಮಲ್ಟಿಮೀಟರ್ ಇದ್ದರೆ ಸಾಕು.

1. ಮೂರು ಬಗೆಗಳನ್ನು ಗುರುತಿಸಿಕೊಳ್ಳಿ

ಅಂಗಡಿಯಲ್ಲಿ "ಲೆಡ್ ಆಸಿಡ್, ಟ್ಯೂಬುಲರ್, ಲಿಥಿಯಂ" ಎಂದು ಮೂರು ಜಾತಿಗಳಂತೆ ಹೇಳುತ್ತಾರೆ. ವಾಸ್ತವದಲ್ಲಿ ಟ್ಯೂಬುಲರ್ ಕೂಡ ಲೆಡ್ ಆಸಿಡ್ ಬ್ಯಾಟರಿಯೇ, ಎಂದರೆ ಸೀಸದ ಫಲಕಗಳು ಗಂಧಕಾಮ್ಲದ ದ್ರಾವಣದಲ್ಲಿ ಮುಳುಗಿರುವ ಬ್ಯಾಟರಿ. ಅಂಗಡಿಯವರು ಬರೀ "ಲೆಡ್ ಆಸಿಡ್" ಎಂದಾಗ ಅವರ ಮನಸ್ಸಿನಲ್ಲಿರುವುದು ಫ್ಲ್ಯಾಟ್ ಪ್ಲೇಟ್ ಬ್ಯಾಟರಿ. ಅದರಲ್ಲಿ ಸೀಸದ ಜಾಲರಿಯ ಮೇಲೆ ರಾಸಾಯನಿಕ ಲೇಪವನ್ನು ಮೆತ್ತಿರುತ್ತಾರೆ. ಪ್ರತಿ ಸಲ ಆಳವಾಗಿ ಖಾಲಿಯಾಗಿ ತುಂಬುವಾಗ ಆ ಲೇಪ ಸ್ವಲ್ಪ ಸ್ವಲ್ಪವೇ ಉದುರಿ ತಳ ಸೇರುತ್ತದೆ. ಟ್ಯೂಬುಲರ್‌ನಲ್ಲಿ ಧನ ಫಲಕದ ಲೇಪವನ್ನು ಬಟ್ಟೆಯಂಥ ಗಟ್ಟಿ ಕೊಳವೆಗಳೊಳಗೆ ತುಂಬಿರುವುದರಿಂದ ಅದು ಉದುರುವುದು ಬಹಳ ಕಡಿಮೆ. ಬಾಳಿಕೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇದೇ. ಅದೇ ಮನೆ, ಅದೇ ಬಳಕೆಯಲ್ಲಿ ಫ್ಲ್ಯಾಟ್ ಪ್ಲೇಟ್ ಎರಡರಿಂದ ಮೂರು ವರ್ಷ ಬಂದರೆ, ಎತ್ತರದ ಡಬ್ಬಿಯ "ಟಾಲ್ ಟ್ಯೂಬುಲರ್" ಐದರಿಂದ ಏಳು ವರ್ಷ ಬರುವುದು ಸಾಮಾನ್ಯ.

ಲಿಥಿಯಂ ಎಂಬ ಹೆಸರಿನಲ್ಲೂ ಹಲವು ಬಗೆಗಳಿವೆ. ಮನೆಯ ಇನ್ವರ್ಟರ್‌ಗೆ ತರಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ. ಮೊಬೈಲ್ ಫೋನುಗಳಲ್ಲಿ ಬಳಸುವ ಇತರ ಲಿಥಿಯಂ ಬಗೆಗಳಿಗಿಂತ ಇದು ಬಿಸಿಯನ್ನು ಹೆಚ್ಚು ತಡೆಯುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಡಬ್ಬಿಯ ಮೇಲೆ 12.8 ವೋಲ್ಟ್ ಎಂದಿದ್ದರೆ ಅದು ಎಲ್‌ಎಫ್‌ಪಿ ಎಂಬುದಕ್ಕೆ ಒಳ್ಳೆಯ ಸುಳಿವು, ಏಕೆಂದರೆ ಅದರಲ್ಲಿ 3.2 ವೋಲ್ಟಿನ ನಾಲ್ಕು ಕೋಶಗಳು ಸಾಲಾಗಿರುತ್ತವೆ. ಒಳಗೆ ಬಿಎಂಎಸ್ ಎಂಬ ಒಂದು ಎಲೆಕ್ಟ್ರಾನಿಕ್ ಕಾವಲು ಫಲಕವೂ ಇರುತ್ತದೆ. ಬ್ಯಾಟರಿ ಅತಿಯಾಗಿ ತುಂಬದಂತೆ, ಅತಿಯಾಗಿ ಬರಿದಾಗದಂತೆ, ಕೋಶಗಳು ಏರುಪೇರಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಇದರ ಬಾಳಿಕೆಯನ್ನು ಎಂಟರಿಂದ ಹತ್ತು ವರ್ಷವೆಂದು ಇಟ್ಟುಕೊಳ್ಳಬಹುದು, ಆದರೆ ಆ ಬಿಎಂಎಸ್ ಅಲ್ಲಿಯವರೆಗೆ ಉಳಿದರೆ ಮಾತ್ರ.

2. ಕಡಿತದ ರೀತಿಯನ್ನು ಬರೆದಿಡಿ

ಎಷ್ಟು ಹೊತ್ತು ವಿದ್ಯುತ್ ಇರುವುದಿಲ್ಲ ಎಂಬುದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಬಂದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಬ್ಯಾಟರಿಯ ಆಯುಷ್ಯಕ್ಕೆ ಈ ಎರಡನೆಯದೇ ಹೆಚ್ಚು ಮುಖ್ಯ. ಒಂದು ತಿಂಗಳ ಮಟ್ಟಿಗೆ, ಅದೂ ಮಳೆಗಾಲದ ಒಂದು ತಿಂಗಳು, ಹೋದ ಸಮಯ ಮತ್ತು ಬಂದ ಸಮಯವನ್ನು ಕ್ಯಾಲೆಂಡರಿನ ಮೇಲೆಯೇ ಗೀಚಿಟ್ಟರೆ ನಿಮ್ಮ ಮನೆ ಮೂರರಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯುತ್ತದೆ.

ಮೊದಲನೆಯದು ಪೇಟೆಯ ರೀತಿ: ಕಡಿತ ಒಂದೆರಡು ಗಂಟೆ, ಉಳಿದ ಹೊತ್ತೆಲ್ಲ ವಿದ್ಯುತ್ ಇರುತ್ತದೆ. ಅರಸೀಕೆರೆ, ಕಡೂರಿನ ಬಯಲುಸೀಮೆಯ ಪಟ್ಟಣಗಳೂ ಬಹುಮಟ್ಟಿಗೆ ಇದರಲ್ಲೇ ಸೇರುತ್ತವೆ. ಎರಡನೆಯದರಲ್ಲಿ ಮಳೆಗಾಲದಲ್ಲಿ ಕೆಲವು ಸಲ ಒಂದೆರಡು ದಿನ ಪೂರ್ತಿ ಹೋಗುತ್ತದೆ, ಆದರೆ ಲೈನ್‌ಮನ್ ಸರಿಪಡಿಸಿದ ಮೇಲೆ ದಿನಗಟ್ಟಲೆ ನಿಲ್ಲುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ವಾರಗಟ್ಟಲೆ ದಿನಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಬಂದು ಹೋಗಿ ಮಾಡುತ್ತದೆ, ಬಂದಾಗಲೂ ವೋಲ್ಟೇಜ್ ಕಡಿಮೆ ಇರುತ್ತದೆ.

3. ಒಂದು ದಿನದ ಬಳಕೆಯನ್ನು ಲೆಕ್ಕ ಹಾಕಿ

ಉದಾಹರಣೆಗೆ ಮೂಡಿಗೆರೆ ತಾಲ್ಲೂಕಿನ ಒಂದು ತೋಟದ ಮನೆಯನ್ನು ತೆಗೆದುಕೊಳ್ಳೋಣ. ಆಷಾಢದ ಚಳಿಮಳೆಯಲ್ಲಿ ಅಲ್ಲಿ ಫ್ಯಾನ್ ತಿರುಗುವುದಿಲ್ಲ. ಬೇಕಾದದ್ದು ದೀಪ, ಟಿವಿ, ಫೋನ್ ಮತ್ತು ಇಂಟರ್‌ನೆಟ್‌ನ ರೂಟರ್. 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬುಗಳು ಸಂಜೆ ನಾಲ್ಕು ಗಂಟೆ ಉರಿದರೆ 144 ವ್ಯಾಟ್ ಅವರ್. ಬೆಳಗಿನ ಜಾವ ಮೂರು ಬಲ್ಬು ಎರಡು ಗಂಟೆ ಉರಿದರೆ 54. ವ್ಯಾಟ್ ಅವರ್ ಎಂದರೆ ಉಪಕರಣದ ವ್ಯಾಟ್ ಅನ್ನು ಅದು ನಡೆದ ಗಂಟೆಗಳಿಂದ ಗುಣಿಸಿದ ಮೊತ್ತ, ಅಷ್ಟೆ. 60 ವ್ಯಾಟ್‌ನ ಟಿವಿ ಎರಡು ಗಂಟೆಗೆ 120, 10 ವ್ಯಾಟ್‌ನ ರೂಟರ್ ಹತ್ತು ಗಂಟೆಗೆ 100, ಮೂರು ಫೋನುಗಳಿಗೆ ಒಟ್ಟು 45. ಎಲ್ಲ ಸೇರಿ 463. ಬ್ಯಾಟರಿಯ ವಿದ್ಯುತ್ತನ್ನು ಮನೆಯ ವಿದ್ಯುತ್ತಾಗಿ ಪರಿವರ್ತಿಸುವಾಗ ನಷ್ಟವಾಗುವ ಸುಮಾರು ಹತ್ತನೆಯ ಒಂದು ಭಾಗವನ್ನು ಸೇರಿಸಿದರೆ 515 ಆಗುತ್ತದೆ.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ಬಹಳ ಜನ ನಿಲ್ಲಿಸುತ್ತಾರೆ. ಆದರೆ ಇನ್ವರ್ಟರ್ ತಾನೇ ಸುಮ್ಮನೆ ಆನ್ ಆಗಿರುವುದಕ್ಕೂ ವಿದ್ಯುತ್ ತಿನ್ನುತ್ತದೆ. ಮಾದರಿಯನ್ನು ನೋಡಿಕೊಂಡು ಇದು 10ರಿಂದ 20 ವ್ಯಾಟ್ ಇರುತ್ತದೆ. 15 ಎಂದು ಹಿಡಿದರೆ ಇಪ್ಪತ್ತನಾಲ್ಕು ಗಂಟೆಗೆ 360 ವ್ಯಾಟ್ ಅವರ್. ಆಗ ದಿನದ ಒಟ್ಟು ಖರ್ಚು 875. ಮಲಗುವಾಗ ಮತ್ತು ಹಗಲು ಬೇಡವಾದಾಗ ಇನ್ವರ್ಟರ್‌ನ ಮುಂಭಾಗದ ಸ್ವಿಚ್ಚನ್ನು ಆರಿಸಿ ಹತ್ತು ಗಂಟೆ ಮಾತ್ರ ನಡೆಸಿದರೆ ಈ ಸ್ವಂತ ಖರ್ಚು 150ಕ್ಕೆ ಇಳಿದು ಒಟ್ಟು 665 ಆಗುತ್ತದೆ. ಉಳಿದ 210 ವ್ಯಾಟ್ ಅವರ್, ಆ ಮನೆಯ ಎಲ್ಲ ಬಲ್ಬುಗಳು ದಿನವಿಡೀ ತಿನ್ನುವುದಕ್ಕಿಂತ ಹೆಚ್ಚು. ರಾತ್ರಿ ಏಳುವವರಿಗೆ ತಲೆದಿಂಬಿನ ಬಳಿ ಒಂದು ಚಾರ್ಜಿಂಗ್ ಟಾರ್ಚ್ ಇಟ್ಟರೆ ಸಾಕಾಗುತ್ತದೆ. ವಿದ್ಯುತ್ ಬಂದಾಗ ಸ್ವಿಚ್ ಆರಿಸಿದ್ದರೂ ಬ್ಯಾಟರಿ ಚಾರ್ಜ್ ಆಗುತ್ತದೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಬಹುತೇಕ ಮಾದರಿಗಳಲ್ಲಿ ಆಗುತ್ತದೆ.

ಹಾಸನ ನಗರದ ಮನೆಯ ಲೆಕ್ಕ ಬೇರೆ. ಏಪ್ರಿಲ್‌ನಲ್ಲಿ ಎರಡು ಫ್ಯಾನ್, ನಾಲ್ಕಾರು ದೀಪ, ಟಿವಿ, ರೂಟರ್ ಒಟ್ಟಿಗೆ ನಡೆದರೆ ಸುಮಾರು 250 ವ್ಯಾಟ್ ಆಗುತ್ತದೆ. ಅಲ್ಲಿ ಹೊರೆ ದೊಡ್ಡದು, ಹೊತ್ತು ಚಿಕ್ಕದು. ಮಲೆನಾಡಿನಲ್ಲಿ ಹೊರೆ ಚಿಕ್ಕದು, ಹೊತ್ತು ದೊಡ್ಡದು. ಮುಂದಿನ ಹಂತ ಅರ್ಥವಾಗಬೇಕಾದರೆ ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು.

4. "100ರ ಲಿಥಿಯಂ 150ರ ಟ್ಯೂಬುಲರ್‌ಗೆ ಸಮ" ಎಂಬ ಮಾತನ್ನು ಪರೀಕ್ಷಿಸಿ

ಬ್ಯಾಟರಿಯ ಮೇಲೆ 150 ಎಎಚ್ ಎಂದಿರುತ್ತದೆ. ಎಎಚ್ ಎಂದರೆ ಆಂಪಿಯರ್ ಅವರ್, ಎಂದರೆ ಎಷ್ಟು ಆಂಪಿಯರ್ ವಿದ್ಯುತ್ತನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ. ಜತೆಗೆ ಸಿ20 ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದರ ಅರ್ಥ, 20 ಗಂಟೆಗಳಲ್ಲಿ ನಿಧಾನವಾಗಿ, ಗಂಟೆಗೆ 7.5 ಆಂಪಿಯರ್‌ನಂತೆ ತೆಗೆದರೆ ಮಾತ್ರ 150 ಸಿಗುತ್ತದೆ ಎಂದು. ಸೀಸದ ಬ್ಯಾಟರಿಯಿಂದ ಬೇಗ ಬೇಗ ತೆಗೆದಷ್ಟೂ ಒಟ್ಟು ಸಿಗುವುದು ಕಡಿಮೆಯಾಗುತ್ತದೆ. ಲಿಥಿಯಂನಲ್ಲಿ ಈ ನಷ್ಟ ಬಹಳ ಅಲ್ಪ.

ಹಾಸನದ 250 ವ್ಯಾಟ್ ಹೊರೆಗೆ ಬ್ಯಾಟರಿಯಿಂದ ಸುಮಾರು 24 ಆಂಪಿಯರ್ ಹರಿಯುತ್ತದೆ. ಆ ವೇಗದಲ್ಲಿ 150ರ ಟ್ಯೂಬುಲರ್ ಕೊಡುವುದು ಸುಮಾರು 110 ಎಎಚ್ ಅಷ್ಟೆ. ಪೂರ್ತಿ ಬರಿದು ಮಾಡದೆ ನೂರಕ್ಕೆ ಎಂಬತ್ತರಷ್ಟು ಮಾತ್ರ ಬಳಸಿದರೆ ಮೂರೂಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. 12.8 ವೋಲ್ಟಿನ 100 ಎಎಚ್ ಲಿಥಿಯಂನಲ್ಲಿರುವುದು 1280 ವ್ಯಾಟ್ ಅವರ್. ಅದರಲ್ಲಿ ನೂರಕ್ಕೆ ತೊಂಬತ್ತನ್ನು ಬಳಸಿದರೆ ಇದೇ ಹೊರೆಗೆ ನಾಲ್ಕು ಗಂಟೆಯ ಹತ್ತಿರ. ಅಂದರೆ ಪೇಟೆಯ ಬಳಕೆಗೆ ಅಂಗಡಿಯವರ ಮಾತು ಹೆಚ್ಚುಕಡಿಮೆ ನಿಜ.

ಅದೇ ಮಾತನ್ನು ಮೂಡಿಗೆರೆಯ ಮನೆಗೆ ಅನ್ವಯಿಸಿ ನೋಡಿ. ಅಲ್ಲಿ ದಿನಕ್ಕೆ 665 ವ್ಯಾಟ್ ಅವರ್, ಅಂದರೆ 12 ವೋಲ್ಟ್‌ನಲ್ಲಿ ಸುಮಾರು 55 ಎಎಚ್. ಹೊರೆ ಇಷ್ಟು ಹಗುರವಾಗಿದ್ದಾಗ ಟ್ಯೂಬುಲರ್ ತನ್ನ ಪೂರ್ತಿ 150ನ್ನೂ ಕೊಡಬಲ್ಲದು. ಅದರಲ್ಲಿ ನೂರಕ್ಕೆ ಎಂಬತ್ತು, ಅಂದರೆ 120 ಬಳಸಿದರೆ ಎರಡು ದಿನ ದಾಟುತ್ತದೆ. 100ರ ಲಿಥಿಯಂ 1150 ವ್ಯಾಟ್ ಅವರ್ ಕೊಟ್ಟು ಒಂದೂಮುಕ್ಕಾಲು ದಿನಕ್ಕೆ ನಿಲ್ಲುತ್ತದೆ. ದೀರ್ಘ ಕಡಿತಕ್ಕೆಂದೇ ಹೆಚ್ಚು ಹಣ ಕೊಟ್ಟು 100ರ ಲಿಥಿಯಂ ತಂದವರಿಗೆ ಹಳೆಯ ಬ್ಯಾಟರಿಯಷ್ಟೂ ಹೊತ್ತು ಬರುತ್ತಿಲ್ಲ ಎನಿಸಿದರೆ ಅದು ಬ್ಯಾಟರಿಯ ದೋಷವಾಗಿರಬೇಕೆಂದಿಲ್ಲ. ಎಎಚ್ ಅಂಕಿಯನ್ನು ಬಿಟ್ಟು ವ್ಯಾಟ್ ಅವರ್ ಕೇಳುವುದು ಈ ಗೊಂದಲಕ್ಕೆ ನೇರ ಪರಿಹಾರ.

5. ಮತ್ತೆ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ

ಹಾಗಿದ್ದರೆ ಮಲೆನಾಡಿನಲ್ಲಿ ಲಿಥಿಯಂಗೆ ಇರುವ ಮೇಲುಗೈ ಯಾವುದು? ಅದು ಕಾಣಿಸುವುದು ವಿದ್ಯುತ್ ಬಂದ ಮೇಲೆ.

ಎರಡು ದಿನದ ಕಡಿತದ ನಂತರ ಟ್ಯೂಬುಲರ್ ಬ್ಯಾಟರಿ 110ರಿಂದ 120 ಎಎಚ್ ಖಾಲಿಯಾಗಿರುತ್ತದೆ. ಮನೆಯ ಇನ್ವರ್ಟರ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್‌ನಲ್ಲಿ ತುಂಬುತ್ತದೆ. ನಾಲ್ಕು ಗಂಟೆ ವಿದ್ಯುತ್ ಬಂದರೆ ಒಳಗೆ ಹೋಗುವುದು ಹೆಚ್ಚೆಂದರೆ 60, ಅಂದರೆ ಖಾಲಿಯಾದದ್ದರ ಅರ್ಧ. ಸೀಸದ ಬ್ಯಾಟರಿಯ ಮೊದಲ ನೂರಕ್ಕೆ ಎಂಬತ್ತು ಭಾಗ ಬೇಗ ತುಂಬುತ್ತದೆ, ಕೊನೆಯ ಇಪ್ಪತ್ತಕ್ಕೆ ವಿದ್ಯುತ್ತಿನ ಹರಿವು ತಾನೇ ಕುಗ್ಗುವುದರಿಂದ ಇನ್ನೂ ಹಲವು ಗಂಟೆ ಬೇಕು. ಪೂರ್ತಿ ತುಂಬಲು ಹನ್ನೆರಡರಿಂದ ಹದಿನಾರು ಗಂಟೆ ಬಿಡುವಿಲ್ಲದ ವಿದ್ಯುತ್ ಇರಬೇಕೆಂದು ಇಟ್ಟುಕೊಳ್ಳಿ.

ತುಂಬದೆ ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಉಳಿದರೆ ಫಲಕಗಳ ಮೇಲಿನ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಇದನ್ನು ಸಲ್ಫೇಶನ್ ಎನ್ನುತ್ತಾರೆ. ಹೊಸದಾಗಿದ್ದಾಗ ಅದು ಚಾರ್ಜ್ ಮಾಡಿದರೆ ಕರಗುತ್ತದೆ. ಹಳೆಯದಾದ ಹರಳು ಕರಗುವುದಿಲ್ಲ, ಆ ಭಾಗದ ಸಾಮರ್ಥ್ಯ ಶಾಶ್ವತವಾಗಿ ಹೋಗುತ್ತದೆ. ಮಲೆನಾಡಿನಲ್ಲಿ ಐದು ವರ್ಷ ಬರಬೇಕಾದ ಟ್ಯೂಬುಲರ್ ಮೂರು ಮಳೆಗಾಲಕ್ಕೇ ಸೊರಗಿತೆಂಬ ದೂರುಗಳ ಹಿಂದೆ ಬಹಳ ಸಲ ಇರುವುದು ಇದೇ. ಲಿಥಿಯಂ ಬ್ಯಾಟರಿಗೆ ಅರ್ಧ ತುಂಬಿ ಕೂರುವುದರಿಂದ ತೊಂದರೆಯಿಲ್ಲ. ಮೂರು ಗಂಟೆ ಸಿಕ್ಕರೆ ಮೂರು ಗಂಟೆಯಷ್ಟು ತುಂಬಿಕೊಂಡು ನಾಳೆಗೆ ಕಾಯುತ್ತದೆ. ಕೋಶಗಳು ಸಮತೋಲನಕ್ಕೆ ಬರಲು ಮತ್ತು ತೋರಿಸುವ ಶೇಕಡಾವಾರು ಸರಿಯಾಗಲು ತಿಂಗಳಿಗೊಮ್ಮೆಯಾದರೂ ಪೂರ್ತಿ ತುಂಬಿಸಿದರೆ ಒಳ್ಳೆಯದು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, "ಲಿಥಿಯಂ ಎರಡು ಮೂರು ಗಂಟೆಯಲ್ಲಿ ತುಂಬುತ್ತದೆ" ಎಂಬ ಭರವಸೆ. ಬ್ಯಾಟರಿಗೆ ಆ ಶಕ್ತಿಯಿದೆ, ಆದರೆ ತುಂಬುವ ವೇಗವನ್ನು ನಿರ್ಧರಿಸುವುದು ಇನ್ವರ್ಟರ್‌ನ ಚಾರ್ಜರ್. ಅದು 15 ಆಂಪಿಯರ್‌ನದಾಗಿದ್ದರೆ 90 ಎಎಚ್ ತುಂಬಲು ಆರು ಗಂಟೆ ಬೇಕೇ ಬೇಕು. ಆದ್ದರಿಂದ ಕೇಳಬೇಕಾದದ್ದು ಇನ್ವರ್ಟರ್‌ನ ಚಾರ್ಜಿಂಗ್ ಕರೆಂಟ್ ಎಷ್ಟು ಆಂಪಿಯರ್ ಎಂದು.

ಎರಡನೆಯದು ಕಡಿಮೆ ವೋಲ್ಟೇಜಿನದು, ಇದು ಲೈನಿನ ಕೊನೆಯಲ್ಲಿರುವ ಒಂಟಿಮನೆಗಳವರಿಗೆ. ಬಹುತೇಕ ಇನ್ವರ್ಟರ್‌ಗಳ ಹಿಂಭಾಗದಲ್ಲಿ ಯುಪಿಎಸ್ ಮತ್ತು ನಾರ್ಮಲ್ (ಕೆಲವದರಲ್ಲಿ ಇಕೋ) ಎಂಬ ಒಂದು ಸಣ್ಣ ಸ್ವಿಚ್ ಇರುತ್ತದೆ. ಯುಪಿಎಸ್ ಸ್ಥಾನದಲ್ಲಿದ್ದರೆ ಲೈನಿನ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದ ಕೂಡಲೇ ಇನ್ವರ್ಟರ್ ವಿದ್ಯುತ್ ಹೋಯಿತೆಂದೇ ಭಾವಿಸಿ ಬ್ಯಾಟರಿಗೆ ಬದಲಾಗುತ್ತದೆ. ಮನೆಯ ಹೊರಗಿನ ದೀಪ ಮಂಕಾಗಿ ಉರಿಯುತ್ತಿದ್ದರೂ ಬ್ಯಾಟರಿ ತುಂಬುವ ಬದಲು ಖಾಲಿಯಾಗುತ್ತಿರುತ್ತದೆ. ನಾರ್ಮಲ್ ಸ್ಥಾನದಲ್ಲಿ ಅದು ಸಾಮಾನ್ಯವಾಗಿ 100 ವೋಲ್ಟ್‌ವರೆಗೂ ಲೈನನ್ನು ಒಪ್ಪಿಕೊಳ್ಳುತ್ತದೆ. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಯುಪಿಎಸ್ ಸ್ಥಾನದ ಅಗತ್ಯವಿಲ್ಲ. ಹೊಸ ಬ್ಯಾಟರಿಗೆ ಹಣ ಹಾಕುವ ಮೊದಲು ಈ ಸ್ವಿಚ್ ಎಲ್ಲಿದೆ ಎಂದು ಒಮ್ಮೆ ಬಗ್ಗಿ ನೋಡಿ. ಆದರೆ ನಾರ್ಮಲ್ ಸ್ಥಾನದಲ್ಲಿ ಅದೇ ಮಂಕು ವೋಲ್ಟೇಜ್ ಉಪಕರಣಗಳಿಗೂ ಹೋಗುತ್ತದೆ ಎಂಬುದನ್ನು ಮರೆಯಬಾರದು. ಇನ್ವರ್ಟರ್ ಸಾಲಿಗೆ ಫ್ರಿಜ್ ಸೇರಿಸಿದ್ದರೆ ಅದಕ್ಕೆ ಸ್ಟೆಬಿಲೈಸರ್ ಬೇಕು.

6. ನಿರ್ವಹಣೆಗೆ ಮನೆಯಲ್ಲಿ ಯಾರಿದ್ದಾರೆ ಎಂದು ಯೋಚಿಸಿ

ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಅದರ ನೀರು ಒಡೆದು ಅನಿಲವಾಗಿ ಹೋಗುತ್ತದೆ, ಆ ನೀರನ್ನು ಮತ್ತೆ ತುಂಬಬೇಕು. ಫ್ಲ್ಯಾಟ್ ಪ್ಲೇಟ್‌ಗೆ ಎರಡು ಮೂರು ತಿಂಗಳಿಗೊಮ್ಮೆ, ಟ್ಯೂಬುಲರ್‌ಗೆ ನಾಲ್ಕರಿಂದ ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಕಡ್ಡಿ, ಅಂದರೆ ಫ್ಲೋಟ್, ಕೆಂಪು ಗುರುತಿಗೆ ಇಳಿಯುವವರೆಗೆ ಕಾಯಬಾರದು.

ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಮಲೆನಾಡಿನಲ್ಲಿ ಸೂರಿನಿಂದ ಬಿದ್ದ ಮಳೆನೀರನ್ನು ಹಿಡಿದು ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಹೆಂಚಿನ ಧೂಳು, ಪಾಚಿ, ತಗಡಿನ ತುಕ್ಕು ಹೊತ್ತು ಬರುವ ಆ ನೀರು ಶುದ್ಧವಲ್ಲ. ಕೆಂಪು ಮಣ್ಣಿನ ಬಾವಿನೀರಿನಲ್ಲಿ ಕಬ್ಬಿಣದಂಶವಿದ್ದರೆ ಅದು ಇನ್ನೂ ಕೆಟ್ಟದ್ದು, ಏಕೆಂದರೆ ಒಳಸೇರಿದ ಕಬ್ಬಿಣ ಬ್ಯಾಟರಿಯನ್ನು ಸುಮ್ಮನೆ ಕೂತಾಗಲೂ ಖಾಲಿ ಮಾಡುತ್ತಿರುತ್ತದೆ. ಮಟ್ಟ ಇಳಿದಿದೆಯೆಂದು ಆಸಿಡ್ ತಂದು ಹಾಕುವುದಂತೂ ಕೂಡದು. ಆವಿಯಾಗಿ ಹೋದದ್ದು ನೀರು, ಆಮ್ಲವಲ್ಲ.

ನೀರು ತುಂಬಲು ಸರಿಯಾದ ಸಮಯ ಬ್ಯಾಟರಿ ಪೂರ್ತಿ ಚಾರ್ಜ್ ಆದ ನಂತರ. ಖಾಲಿ ಬ್ಯಾಟರಿಗೆ ಕಂಠಮಟ್ಟ ತುಂಬಿದರೆ ಚಾರ್ಜ್ ಆಗುವಾಗ ದ್ರಾವಣ ಉಬ್ಬಿ ಹೊರಚೆಲ್ಲುತ್ತದೆ, ಟರ್ಮಿನಲ್ ತಿನ್ನುತ್ತದೆ. ಫಲಕಗಳೇ ತೆರೆದುಕೊಂಡಿದ್ದರೆ ಮಾತ್ರ ಅವು ಮುಳುಗುವಷ್ಟು ಹಾಕಿ, ಚಾರ್ಜ್ ಮುಗಿದ ಮೇಲೆ ಉಳಿದದ್ದನ್ನು ತುಂಬಿ. ಮಳೆಗಾಲದ ತೇವದಲ್ಲಿ ಟರ್ಮಿನಲ್‌ಗಳ ಮೇಲೆ ಬಿಳಿಯ ಅಥವಾ ಹಸಿರು ಹಿಟ್ಟು ಕಟ್ಟುತ್ತದೆ; ಇನ್ವರ್ಟರ್ ಆರಿಸಿ, ಪ್ಲಗ್ ಕಿತ್ತು, ತಂತಿಗಳನ್ನು ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಬಿಗಿದು ವ್ಯಾಸಲೀನ್ ಸವರಬೇಕು. ಗ್ರೀಸ್ ಬೇಡ. ಚಾರ್ಜ್ ಆಗುವಾಗ ಹೊರಡುವ ಅನಿಲದಲ್ಲಿ ಹೊತ್ತಿಕೊಳ್ಳುವ ಜಲಜನಕವಿರುವುದರಿಂದ ಬ್ಯಾಟರಿಯನ್ನು ದೇವರಮನೆಯ ದೀಪದ ಹತ್ತಿರವಾಗಲಿ, ಗಾಳಿಯಾಡದ ಬೀರುವಿನೊಳಗಾಗಲಿ ಇಡಬೇಡಿ.

ಬ್ಯಾಟರಿ ಕೆಡುತ್ತಿರುವುದನ್ನು ತಿಳಿಯಲು ಹೈಡ್ರೋಮೀಟರ್ ಎಂಬ ಗಾಜಿನ ಪಿಚಕಾರಿಯಂಥ ಸಾಧನ ಸಾಕು. ಅದು ದ್ರಾವಣದ ಸಾಂದ್ರತೆಯನ್ನು ತೋರಿಸುತ್ತದೆ. ಪೂರ್ತಿ ತುಂಬಿದ ಇನ್ವರ್ಟರ್ ಟ್ಯೂಬುಲರ್‌ನಲ್ಲಿ ಆರೂ ಕೋಶಗಳು ಸುಮಾರು 1.220ರಿಂದ 1.250ರೊಳಗೆ, ಒಂದಕ್ಕೊಂದು ಹತ್ತಿರದಲ್ಲಿರಬೇಕು. ಐದು ಕೋಶ 1.240 ತೋರಿಸಿ ಒಂದು ಮಾತ್ರ 1.190ರಲ್ಲಿ ನಿಂತಿದ್ದರೆ, ಅದೇ ಕೋಶದ ನೀರು ಬೇಗ ಇಂಗುತ್ತಿದ್ದರೆ, ಚಾರ್ಜ್ ಆಗುವಾಗ ಆ ಭಾಗ ಮುಟ್ಟಲು ಬಿಸಿಯಿದ್ದರೆ, ಆ ಕೋಶ ಸಾಯುತ್ತಿದೆ ಎಂದರ್ಥ. ಆರೂ ಒಟ್ಟಿಗೆ ಕಡಿಮೆ ಇದ್ದರೆ ಅದು ಚಾರ್ಜ್ ಸಾಲದಿರುವುದು. ಒಂದು ಪೂರ್ತಿ ದಿನ ಚಾರ್ಜ್ ಕೊಟ್ಟು ಮತ್ತೆ ನೋಡಬೇಕು. ಈ ಎರಡರ ನಡುವಿನ ಭೇದ ತಿಳಿಯದೆ ಗಟ್ಟಿ ಬ್ಯಾಟರಿಗಳನ್ನೂ ಹಳೆಯ ಸಾಮಾನಿನ ಅಂಗಡಿಗೆ ಕೊಟ್ಟುಬಿಡುವವರಿದ್ದಾರೆ.

ಲಿಥಿಯಂಗೆ ಇದಾವುದೂ ಬೇಡ. ಮಕ್ಕಳೆಲ್ಲ ಬೆಂಗಳೂರು ಸೇರಿ, ವಯಸ್ಸಾದ ದಂಪತಿ ಮಾತ್ರ ಇರುವ ಮನೆಗೆ ಇದು ಸಣ್ಣ ಅನುಕೂಲವಲ್ಲ. ಐವತ್ತು ಕಿಲೋ ಮೀರುವ ಟ್ಯೂಬುಲರ್‌ನ ಎದುರು ಹದಿನೈದು ಕಿಲೋದೊಳಗಿನ ಲಿಥಿಯಂ ಡಬ್ಬಿಯನ್ನು ಒಬ್ಬರೇ ಎತ್ತಿಡಬಹುದು. ಆದರೆ ಅದರ ದೌರ್ಬಲ್ಯ ಎಲೆಕ್ಟ್ರಾನಿಕ್ಸ್‌ನಲ್ಲಿದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಲೈನಿನಲ್ಲಿ ಬರುವ ಏಟು ಇನ್ವರ್ಟರ್ ದಾಟಿ ಬಿಎಂಎಸ್‌ಗೆ ತಗುಲಿದರೆ ಕೋಶಗಳು ಚೆನ್ನಾಗಿದ್ದರೂ ಡಬ್ಬಿ ಸತ್ತಂತೆ ಕೂರುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಲಿಥಿಯಂ ಹಾಕಿಸುವ ಮೊದಲು ಅರ್ಥಿಂಗ್ ಮಾಡಿಸಿ. ಸಿಡಿಲಿನ ಹೊತ್ತಿಗೆ ಇನ್ವರ್ಟರ್‌ನ ಪ್ಲಗ್ ಕಿತ್ತಿಡುವ ರೂಢಿ ಇನ್ನೂ ಕ್ಷೇಮ. ಇನ್ನೊಂದು ಮಾತು: ಲಿಥಿಯಂನ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಹಳೆಯ ಇನ್ವರ್ಟರ್‌ನ "ಬ್ಯಾಟರಿ ಲೋ" ದೀಪ ಮುಂಚಿತವಾಗಿ ಎಚ್ಚರಿಸುವುದಿಲ್ಲ, ಮನೆ ಒಮ್ಮೆಲೇ ಕತ್ತಲಾಗುತ್ತದೆ.

7. ಇರುವ ಇನ್ವರ್ಟರ್‌ಗೆ ಒಗ್ಗುತ್ತದೆಯೇ?

ಫ್ಲ್ಯಾಟ್‌ನಿಂದ ಟ್ಯೂಬುಲರ್‌ಗೆ ಬದಲಾಯಿಸುವಾಗ ಇನ್ವರ್ಟರ್‌ನ ಬ್ಯಾಟರಿ ಆಯ್ಕೆಯ ಸ್ವಿಚ್ಚನ್ನು ಟ್ಯೂಬುಲರ್‌ಗೆ ತಿರುಗಿಸಬೇಕು, ಇಲ್ಲದಿದ್ದರೆ ಅದು ಸದಾ ಸ್ವಲ್ಪ ಕಡಿಮೆಯೇ ತುಂಬುತ್ತದೆ. ಲಿಥಿಯಂಗೆ ಇನ್ವರ್ಟರ್‌ನಲ್ಲಿ ಲಿಥಿಯಂ ಎಂಬ ಆಯ್ಕೆಯೇ ಇರಬೇಕು. ಸೀಸಕ್ಕೆಂದು ಮಾಡಿದ ಹಳೆಯ ಚಾರ್ಜರ್ ಆಗಾಗ ಹೆಚ್ಚಿನ ವೋಲ್ಟೇಜ್ ಕೊಟ್ಟು ಕೋಶಗಳನ್ನು ಸಮಗೊಳಿಸಲು ಯತ್ನಿಸುತ್ತದೆ, ಅದಕ್ಕೆ ಬಿಎಂಎಸ್ ಸಂಪರ್ಕ ಕಡಿದು ಕೂರುತ್ತದೆ. ಬ್ಯಾಟರಿ ಪೂರ್ತಿ ಬರಿದಾಗಿ ಬಿಎಂಎಸ್ ಮಲಗಿದರೆ ಕೆಲವು ಇನ್ವರ್ಟರ್‌ಗಳಿಗೆ ಅಲ್ಲಿ ಬ್ಯಾಟರಿ ಇರುವುದೇ ತಿಳಿಯುವುದಿಲ್ಲ. ವಿದ್ಯುತ್ ಬಂದರೂ ಚಾರ್ಜ್ ಆಗುವುದಿಲ್ಲ. "ಯಾವ ಇನ್ವರ್ಟರ್‌ಗಾದರೂ ಹಾಕಬಹುದು" ಎಂದು ಅಂಗಡಿಯವರು ಹೇಳಿದರೆ, ನಿಮ್ಮ ಇನ್ವರ್ಟರ್‌ನ ಮಾದರಿಯ ಹೆಸರನ್ನು ಬಿಲ್ಲಿನ ಮೇಲೆ ಬರೆದು ಹೊಂದುತ್ತದೆಂದು ಸಹಿ ಹಾಕಿಕೊಡಲು ಕೇಳಿ. ಹಳೆಯ ಟ್ಯೂಬುಲರ್ ಜತೆಗೆ ಹೊಸ ಲಿಥಿಯಂ ಜೋಡಿಸುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬೇಡಿ.

8. ವರ್ಷದ ಖರ್ಚಿಗೆ ಇಳಿಸಿ ಹೋಲಿಸಿ

ನಿಮ್ಮ ಊರಿನ ಎರಡು ಅಂಗಡಿಗಳಲ್ಲಿ ದರ ಕೇಳಿ, ಹಳೆಯ ಬ್ಯಾಟರಿಗೆ ಕೊಡುವ ಎಕ್ಸ್‌ಚೇಂಜ್ ಹಣವನ್ನು ಕಳೆದು, ನಿರೀಕ್ಷಿತ ವರ್ಷಗಳಿಂದ ಭಾಗಿಸಿ. ಕ್ರಮವನ್ನು ತೋರಿಸಲು ಕೆಲವು ಅಂದಾಜು ಅಂಕಿಗಳನ್ನು ಹಿಡಿಯೋಣ. ಫ್ಲ್ಯಾಟ್ 11,000 ರೂಪಾಯಿ, ಕೊನೆಗೆ ಸೀಸಕ್ಕೆ ಸಿಗುವುದು 2,000, ಬಾಳಿಕೆ ಎರಡೂವರೆ ವರ್ಷ: ವರ್ಷಕ್ಕೆ 3,600. ಟ್ಯೂಬುಲರ್ 16,000, ಮರಳಿ 3,000, ಆರು ವರ್ಷ, ಡಿಸ್ಟಿಲ್ಡ್ ವಾಟರ್‌ಗೆ ವರ್ಷಕ್ಕೆ 300: ಸುಮಾರು 2,470. ಲಿಥಿಯಂ 32,000, ಮರಳಿ ಏನೂ ಇಲ್ಲವೆಂದು ಹಿಡಿದು, ಹತ್ತು ವರ್ಷ: 3,200. ಇನ್ವರ್ಟರ್ ಕೂಡ ಬದಲಿಸಬೇಕಾಗಿ 8,000 ಸೇರಿದರೆ 4,000. ಅಗ್ಗವೆಂದು ತರುವ ಫ್ಲ್ಯಾಟ್ ವರ್ಷದ ಲೆಕ್ಕದಲ್ಲಿ ಅಗ್ಗವಲ್ಲ ಎಂಬುದು ಇಲ್ಲಿ ಕಾಣುತ್ತದೆ. ಈಗ ಟ್ಯೂಬುಲರ್‌ನ ಆರರ ಜಾಗದಲ್ಲಿ ಮೂರನ್ನು ಹಾಕಿ ನೋಡಿ, ಅಂದರೆ ಅರೆಬರೆ ಚಾರ್ಜಿನಿಂದ ಬೇಗ ಸತ್ತರೆ: ವರ್ಷಕ್ಕೆ 4,600 ದಾಟುತ್ತದೆ. ಲಿಥಿಯಂ ಲಾಭವಾಗುವುದು ಆಗ.

9. ನಿರ್ಧಾರ

ಮೊದಲ ಗುಂಪಿನ ಪೇಟೆಮನೆಗಳಿಗೆ 150ರ ಟಾಲ್ ಟ್ಯೂಬುಲರ್ ಸಾಕು, ಅದಕ್ಕಿಂತ ಹೆಚ್ಚು ಖರ್ಚು ಮಾಡಲು ನನಗೆ ಕಾರಣ ಕಾಣುವುದಿಲ್ಲ. ಕಡೂರು, ಅರಸೀಕೆರೆಯ ಬಿಸಿಲಿಗೆ ಸೀಸದ ಬ್ಯಾಟರಿಯ ಆಯುಷ್ಯ ಕುಗ್ಗುವುದರಿಂದ ಅದನ್ನು ಮೇಲ್ಛಾವಣಿಯ ಕೋಣೆಯಲ್ಲಿಡದೆ ತಂಪಾದ ಕೆಳಮನೆಯಲ್ಲಿಡಿ. ಎರಡನೆಯ ಗುಂಪಿಗೂ ಟ್ಯೂಬುಲರ್ ಸರಿಯೇ, ಮಲೆನಾಡಿನ ತಂಪು ಅದಕ್ಕೆ ಅನುಕೂಲವೂ ಹೌದು. ಆದರೆ ದೀರ್ಘ ಕಡಿತ ಮುಗಿದ ಮೇಲೆ ಒಂದು ಪೂರ್ತಿ ದಿನ ಬ್ಯಾಟರಿ ತುಂಬಲು ಬಿಡಬೇಕು. ತೋಟದಲ್ಲಿ ಜನರೇಟರ್ ಇದ್ದರೆ ಪಂಪಿಗೆಂದು ಹಚ್ಚಿದಾಗಲೇ ಇನ್ವರ್ಟರ್‌ನ ಪ್ಲಗ್ಗನ್ನೂ ಅದಕ್ಕೆ ಕೊಡಿ. ಮೂರನೆಯ ಗುಂಪಿಗೆ, ಮತ್ತು ನೀರು ನೋಡುವವರಿಲ್ಲದ ಮನೆಗಳಿಗೆ, ಲಿಥಿಯಂ ಸರಿಯಾದ ಆಯ್ಕೆ; ಎರಡು ದಿನ ಬೇಕಿದ್ದರೆ 100ರದ್ದಲ್ಲ, 150ರದ್ದು. ಫ್ಲ್ಯಾಟ್ ಪ್ಲೇಟ್ ಬಾಡಿಗೆ ಮನೆಯಲ್ಲಿ ಎರಡು ವರ್ಷ ಕಳೆಯುವವರಿಗೆ ಮಾತ್ರ.

10. ಕೊಳ್ಳುವ ದಿನ

ಸೀಸದ ಬ್ಯಾಟರಿ ಅಂಗಡಿಯಲ್ಲಿ ಸುಮ್ಮನೆ ಕೂತರೂ ಖಾಲಿಯಾಗುತ್ತದೆ. ತಯಾರಿಕೆಯ ತಿಂಗಳನ್ನು ಕೇಳಿ; ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಬೇರೆಯದನ್ನು ತೋರಿಸಲು ಹೇಳಿ. ಮಲ್ಟಿಮೀಟರ್‌ನಲ್ಲಿ 12.4 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಚಾರ್ಜ್ ಮಾಡಿಕೊಡಲು ಕೇಳಿ. ವಾರಂಟಿ "60 ತಿಂಗಳು" ಎಂದಿದ್ದರೆ ಅದರಲ್ಲಿ ಎಷ್ಟು ತಿಂಗಳು ಉಚಿತ ಬದಲಾವಣೆ, ಎಷ್ಟು ತಿಂಗಳು ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ ಎಂಬುದನ್ನು ಕಾರ್ಡಿನಲ್ಲಿ ಓದಿಕೊಳ್ಳಿ. ಲಿಥಿಯಂ ಆದರೆ ಕೆಟ್ಟಾಗ ರಿಪೇರಿ ಎಲ್ಲಿ ನಡೆಯುತ್ತದೆ, ಡಬ್ಬಿಯನ್ನು ಒಯ್ಯುವ ಖರ್ಚು ಯಾರದು, ಅಲ್ಲಿಯವರೆಗೆ ಬದಲಿ ಬ್ಯಾಟರಿ ಕೊಡುತ್ತಾರೆಯೇ ಎಂದು ಕೇಳಿ. ಜುಲೈನಲ್ಲಿ ಕೆಟ್ಟ ಬ್ಯಾಟರಿ ರಿಪೇರಿಯಾಗಿ ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿರಬಹುದು. ಕ್ರಮಸಂಖ್ಯೆ ಮತ್ತು ದಿನಾಂಕ ಬರೆದ ಬಿಲ್ಲು, ಅಂಗಡಿಯ ಮೊಹರು ಬಿದ್ದ ಕಾರ್ಡು ಎರಡರ ಫೋಟೋವನ್ನೂ ಫೋನಿನಲ್ಲಿಟ್ಟುಕೊಳ್ಳಿ. ಮಲೆನಾಡಿನ ತೇವಕ್ಕೆ ಆ ಬಿಲ್ಲಿನ ಶಾಯಿ ಎರಡು ವರ್ಷವೂ ನಿಲ್ಲುವುದಿಲ್ಲ.